ಕಪ್ಪೋ, ಡಾರ್ಕ್ ಬ್ರೌನೋ? ಚಿಕ್ಕ ವಯಸ್ಸಿನ ಬಿಳಿ ಕೂದಲಿಗೆ ಮನೆಯಲ್ಲೇ ಬಣ್ಣ ಹಚ್ಚುವ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯಲ್ಲಿ ನನ್ನದೊಂದು ಚಿಕ್ಕ ಪಾರ್ಲರ್ ಇದೆ. ಹೇರ್ ಡೈ ವಿಷಯಕ್ಕೆ ಅಲ್ಲಿ ಕೇಳುವ ದೂರು ಹೆಚ್ಚಾಗಿ ಎರಡೇ. ಒಂದು, "ಕಪ್ಪು ಹಚ್ಚಿದೆ, ತಲೆಗೆ ಟೋಪಿ ಹಾಕಿದ ಹಾಗೆ ಕಾಣುತ್ತದೆ, ಹದಿನೈದು ದಿನಕ್ಕೆ ಬೈತಲೆ ಬೆಳ್ಳಗಾಗುತ್ತದೆ." ಇನ್ನೊಂದು, "ಬೇಜಾರಾಗಿ ಬ್ರೌನ್ ಹಚ್ಚಿದೆ, ಬುಡ ಮಾತ್ರ ಕೆಂಚಗಾಯಿತು, ತುದಿ ಕಪ್ಪಗೇ ಉಳಿಯಿತು." ಎರಡೂ ಕಡೆ ಡಬ್ಬಿ ಕೆಟ್ಟದ್ದಲ್ಲ. ಆಯ್ಕೆ ಮಾಡುವ ಕ್ರಮ ತಪ್ಪಿರುತ್ತದೆ.

ಕಳೆದ ತಿಂಗಳು ಒಂದು ಶುಕ್ರವಾರ ಸಂಜೆ ನನ್ನ ಗೆಳತಿ ಧಾರವಾಡದಿಂದ ಚಿಗರಿ ಬಸ್ ಹತ್ತಿ ಬಂದಳು. ಸಾಲಿಯಲ್ಲಿ ಕಲಿಸುತ್ತಾಳೆ, ವಯಸ್ಸು 33. ಬ್ಯಾಗಿನಿಂದ ಒಂದೇ ಕಂಪನಿಯ ಎರಡು ಡಬ್ಬಿ ತೆಗೆದು ಕೌಂಟರ್ ಮೇಲೆ ಇಟ್ಟಳು. ಒಂದು ಕಪ್ಪು, ಒಂದು ಡಾರ್ಕ್ ಬ್ರೌನ್. "ಯಾವುದು ಹಚ್ಚಲಿ, ಒಂದೇ ಮಾತಿನಲ್ಲಿ ಹೇಳಲೇ," ಅಂದಳು. ಒಂದೇ ಮಾತಿನಲ್ಲಿ ಹೇಳಲು ಆಗಲಿಲ್ಲ. ಅವತ್ತು ಮತ್ತು ಆ ಭಾನುವಾರ ನಾವು ಮಾಡಿದ್ದನ್ನೇ ಕ್ರಮವಾಗಿ ಬರೆದಿದ್ದೇನೆ. ನೀವೂ ಇದೇ ಕ್ರಮದಲ್ಲಿ ಹೋಗಿ.

## 1. ಡಬ್ಬಿ ಪಕ್ಕಕ್ಕಿಡಿ, ಮೊದಲು ಕೂದಲು ನೋಡಿ

ಕಿಟಕಿಯ ಹತ್ತಿರ ಹಗಲು ಬೆಳಕಿನಲ್ಲಿ ನಿಲ್ಲಿ. ಬಣ್ಣ ಹಚ್ಚದ ಒಂದು ಎಳೆಯನ್ನು ಬಿಳಿ ಹಾಳೆಯ ಮೇಲಿಟ್ಟು ನೋಡಿ. ನಮ್ಮಲ್ಲಿ ಬಹಳ ಜನ ತಮ್ಮ ಕೂದಲು ಕಪ್ಪು ಅಂತ ತಿಳಿದಿರುತ್ತಾರೆ. ಬೆಳಕಿಗೆ ಹಿಡಿದರೆ ಅದು ಗಾಢ ಕಂದು. ಕಪ್ಪು ಡೈ ಅದಕ್ಕಿಂತಲೂ ಕಪ್ಪು, ಅದೂ ಎಲ್ಲಾ ಎಳೆಗೂ ಒಂದೇ ಸಮ. ಟೋಪಿ ಹಾಕಿದ ಹಾಗೆ ಕಾಣುವುದು ಅದಕ್ಕೇ.

ಗೆಳತಿಯ ಬುಡದ ಒಂದು ಎಳೆ ಕಿತ್ತು ಹಾಳೆಯ ಮೇಲಿಟ್ಟೆ. "ಅಯ್ಯ, ಇದು ಚಹಾಪುಡಿ ಬಣ್ಣ ಇದೆಯಲ್ಲೇ!" ಅಂದಳು. ಹೌದು. ಅವಳ ಸ್ವಂತ ಬಣ್ಣವೇ ಡಾರ್ಕ್ ಬ್ರೌನ್. ಎರಡು ವರ್ಷದಿಂದ ಕಪ್ಪು ಹಚ್ಚುತ್ತಿದ್ದಳು.

ಆಮೇಲೆ ಬಿಳಿ ಎಲ್ಲೆಲ್ಲಿ ಇದೆ ಎಂದು ನೋಡಬೇಕು. ಬೈತಲೆ, ಎರಡೂ ಕಿವಿಯ ಮುಂದಿನ ಭಾಗ, ನಡುನೆತ್ತಿ, ಹಿಂದಲೆ, ಹೀಗೆ ಒಂದೊಂದು ಕಡೆ ಕೂದಲು ಸರಿಸಿ ಬುಡ ನೋಡಿ. ಒಟ್ಟು ಎಷ್ಟು ಬಿಳಿ ಎನ್ನುವುದಕ್ಕಿಂತ ಅದು ಚದುರಿದೆಯೋ ಗುಂಪಾಗಿದೆಯೋ ಎನ್ನುವುದು ಮುಖ್ಯ. ಡಾರ್ಕ್ ಬ್ರೌನ್ ಡೈ ನಿಮ್ಮ ಕಪ್ಪು ಎಳೆಯನ್ನು ಹೆಚ್ಚು ಬದಲಿಸುವುದಿಲ್ಲ. ಬಿಳಿ ಎಳೆಯನ್ನು ಮಾತ್ರ ಕಂದು ಮಾಡುತ್ತದೆ. ಬಿಳಿ ಅಲ್ಲೊಂದು ಇಲ್ಲೊಂದು ಚದುರಿದ್ದರೆ ಆ ಕಂದು ಎಳೆಗಳು ಉಳಿದ ಕೂದಲಿನಲ್ಲಿ ಬೆರೆತುಹೋಗುತ್ತವೆ. ಹಣೆಯ ಮುಂದೆ ಒಂದೇ ಕಡೆ ಗೊಂಚಲಾಗಿದ್ದರೆ ಅಲ್ಲೊಂದು ಕೆಂಚು ತೇಪೆ ಹಚ್ಚಿದಂತೆ ಕಾಣಬಹುದು.

ಗೆಳತಿಗೆ ಕಿವಿಯ ಮುಂದೆ ಅರ್ಧದಷ್ಟು ಬಿಳಿ, ಬೈತಲೆಯಲ್ಲಿ ಕಾಲುಭಾಗ, ಹಿಂದೆ ಸ್ವಲ್ಪವೇ ಸ್ವಲ್ಪ. ಚಿಕ್ಕ ವಯಸ್ಸಿನಲ್ಲಿ ಶುರುವಾದವರಲ್ಲಿ ಇದನ್ನು ಬಹಳ ನೋಡುತ್ತೇನೆ. ಅವಳಿಗೆ ಶುರುವಾದದ್ದು 23ಕ್ಕೆ. 25 ದಾಟುವ ಮೊದಲೇ ಬೆಳ್ಳಗಾದರೆ ಒಮ್ಮೆ ಡಾಕ್ಟರಿಗೆ ತೋರಿಸಿ, ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಬೇಕಾ ಕೇಳಿ. ಬಹಳ ಸಲ ಅದು ಮನೆತನದಿಂದ ಬಂದದ್ದೇ ಆಗಿರುತ್ತದೆ. ಆದರೂ ಕೇಳಿದರೆ ನಷ್ಟವಿಲ್ಲ.

## 2. ತಲೆಯ ಮೇಲೆ ಈಗಾಗಲೇ ಏನಿದೆ?

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಕೆಡುವುದೂ ಇಲ್ಲೇ.

"ಈಗ ಡಾರ್ಕ್ ಬ್ರೌನ್ ಹಚ್ಚಿದರೆ ಹಳೆ ಕಪ್ಪು ಹೋಗುತ್ತದೆ, ಅಲ್ವಾ?" ಅಂತ ಕೇಳಿದಳು.

"ಹೋಗುವುದಿಲ್ಲ. ಕಪ್ಪು ಶಾಯಿ ಚೆಲ್ಲಿದ ಸೀರೆಯನ್ನು ಚಹಾದಲ್ಲಿ ಅದ್ದಿದರೆ ಕಂದು ಆಗುತ್ತದಾ?"

ಡೈ ಮೇಲೆ ಡೈ ಹಚ್ಚಿದರೆ ಬಣ್ಣ ಗಾಢವಾಗಬಹುದು, ತಿಳಿಯಾಗುವುದಿಲ್ಲ. ಕ್ರೀಮ್ ಡೈನಲ್ಲಿ ಚಿಕ್ಕ ಬಣ್ಣದ ಕಣಗಳು ಎಳೆಯ ಒಳಗೆ ಹೋಗುತ್ತವೆ. ಅಲ್ಲಿ ಕ್ರೀಮ್ ಜೊತೆ ಕಲಸುವ ಡೆವಲಪರ್‌ನ ಪೆರಾಕ್ಸೈಡ್ ಜೊತೆ ಕೂಡಿ ದೊಡ್ಡದಾಗಿ ಸಿಕ್ಕಿಕೊಳ್ಳುತ್ತವೆ. ಹಾಗೆ ಸಿಕ್ಕಿಕೊಂಡ ಕಪ್ಪನ್ನು ತೆಗೆಯಬೇಕಾದರೆ ಬ್ಲೀಚ್ ಅಥವಾ ಬಣ್ಣ ತೆಗೆಯುವ ಬೇರೆ ಔಷಧಿ ಬೇಕು. ಎರಡೂ ಕೂದಲನ್ನು ಒಣಗಿಸುತ್ತವೆ. ಬಂದ ಬಣ್ಣ ಹೆಚ್ಚಾಗಿ ಕಿತ್ತಳೆ ಕಡೆಗೆ ವಾಲುತ್ತದೆ. ಮನೆಯಲ್ಲಿ ಮಾಡುವ ಕೆಲಸ ಅದಲ್ಲ.

ಹಾಗಾಗಿ ಮೊದಲ ಸಲ ಡೈ ಹಚ್ಚುವವರಿಗೆ ನನ್ನ ಮಾತು ಸೀದಾ. ಅನುಮಾನ ಇದ್ದರೆ ಡಾರ್ಕ್ ಬ್ರೌನ್‌ನಿಂದ ಶುರು ಮಾಡಿ. ಸಾಲದು ಅನಿಸಿದರೆ ಮುಂದಿನ ಸಲ ಕಪ್ಪಿಗೆ ಹೋಗಬಹುದು, ಅದು ಒಂದು ಗಂಟೆಯ ಕೆಲಸ. ಕಪ್ಪಿನಿಂದ ವಾಪಸ್ ಬರಲು ಕೂದಲು ಬೆಳೆದು ಕತ್ತರಿಸುವ ತನಕ ಕಾಯಬೇಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಭುಜದ ಕೆಳಗಿನ ಕೂದಲಿಗೆ ಎಷ್ಟು ವರ್ಷ ಬೇಕು, ನೀವೇ ಲೆಕ್ಕ ಹಾಕಿ.

ಗೆಳತಿ ಪರೀಕ್ಷೆ ಪೇಪರ್ ತಿದ್ದುವ ಗಡಿಬಿಡಿಯಲ್ಲಿ ಮೂರು ತಿಂಗಳಿಂದ ಏನೂ ಹಚ್ಚಿರಲಿಲ್ಲ. ಬುಡದಲ್ಲಿ ಮೂರು ಸೆಂಟಿಮೀಟರ್ ಸ್ವಂತ ಕೂದಲು ಬಂದಿತ್ತು. ಅಲ್ಲಿಂದ ಕೆಳಗೆ ಪೂರ್ತಿ ಕಪ್ಪು. ಅದರ ಮೇಲೆ ಬರೀ ಡಾರ್ಕ್ ಬ್ರೌನ್ ಹಚ್ಚಿದ್ದರೆ ಬುಡ ಕಂದು, ಕೆಳಗೆ ಕಪ್ಪು, ನಡುವೆ ಗೆರೆ. ಶುರುವಿನಲ್ಲಿ ಬರೆದ ಎರಡನೇ ದೂರು ಅದೇ.

ಮೆಹಂದಿ ಹಚ್ಚುವವರಿಗೆ ಒಂದು ಮಾತು. ಬರೀ ಎಲೆಯ ಮೆಹಂದಿ ಆದರೆ ಅಷ್ಟು ತೊಂದರೆ ಇಲ್ಲ. "ಕಪ್ಪು ಮೆಹಂದಿ" ಅಂತ ಪುಡಿ ಮಾರುತ್ತಾರಲ್ಲ, ಅದನ್ನು ಕಪ್ಪು ಮಾಡುವುದು ಮೆಹಂದಿ ಎಲೆಯಲ್ಲ, ಬಹಳ ಸಲ ಡೈಯೇ. ಕೆಲವು ಪುಡಿಗಳಲ್ಲಿ ಲೋಹದ ಲವಣಗಳೂ ಇರುತ್ತವೆ. ಅವು ಕ್ರೀಮ್ ಡೈನ ಪೆರಾಕ್ಸೈಡ್ ಜೊತೆ ಸೇರಿದರೆ ಬಿಸಿಯಾಗುತ್ತವೆ, ಕೂದಲು ಹಾಳಾಗುತ್ತದೆ. ಅದಕ್ಕೊಂದು ಪರೀಕ್ಷೆ ಇದೆ, ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

## 3. ಡಬ್ಬಿಯ ಮೇಲಿನ ನಂಬರ್ ಓದಿ, ಫೋಟೋ ನೋಡಬೇಡಿ

ಡಬ್ಬಿಯ ಮೇಲಿನ ಹುಡುಗಿಯ ಕೂದಲು ನಿಮ್ಮ ತಲೆಗೆ ಬರುವುದಿಲ್ಲ. ನಂಬರ್ ನೋಡಿ. ಸಾಮಾನ್ಯವಾಗಿ 1 ಅಂದರೆ ಕಪ್ಪು, 3 ಅಂದರೆ ಡಾರ್ಕ್ ಬ್ರೌನ್, 4 ಅದಕ್ಕಿಂತ ತಿಳಿ ಬ್ರೌನ್. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಆದರೆ ನಂಬರ್ ಚಿಕ್ಕದಾದಷ್ಟೂ ಬಣ್ಣ ಗಾಢ ಎನ್ನುವುದು ಎಲ್ಲಾ ಕಡೆ ಒಂದೇ. ಚುಕ್ಕಿಯ ನಂತರದ ಅಂಕಿ ಛಾಯೆಯದು. ಅಲ್ಲಿ ಸೊನ್ನೆ ಇದ್ದರೆ ಅಥವಾ ಏನೂ ಇಲ್ಲದಿದ್ದರೆ ಅದು ನ್ಯಾಚುರಲ್.

ಬಿಳಿ ಮುಚ್ಚುವುದು ನ್ಯಾಚುರಲ್. ಬರ್ಗಂಡಿ, ಮಹಾಗನಿ ಇವೆಲ್ಲ ಕಪ್ಪು ಎಳೆಯ ಮೇಲೆ ಬಿಸಿಲಿಗೆ ಮಾತ್ರ ಮಿಂಚುತ್ತವೆ. ಬಿಳಿ ಎಳೆಯ ಮೇಲೆ ಬಿದ್ದರೆ ಬೀಟ್‌ರೂಟ್ ಬಣ್ಣ.

ಕಪ್ಪಿನ ಪರವಾಗಿಯೂ ಗೆಳತಿ ವಾದ ಮಾಡಿದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ.

"ಕಪ್ಪು ಒಂದೇ ಸಲಕ್ಕೆ ಮುಚ್ಚುತ್ತದೆ. ಹಚ್ಚುವಾಗ ಸ್ವಲ್ಪ ಹೆಚ್ಚುಕಡಿಮೆ ಆದರೂ ಗೊತ್ತಾಗುವುದಿಲ್ಲ. ಕೆಂಪೂ ತಿರುಗುವುದಿಲ್ಲ."

"ಮೂರೂ ಖರೆ. ಆದರೆ ಹದಿನೈದನೇ ದಿನ ಏನಾಗುತ್ತದೆ?"

"ಬೈತಲೆಯಲ್ಲಿ ಸುಣ್ಣದ ಗೆರೆ."

ಬಿಳಿ ಬೆಳೆಯುವ ವೇಗ ಎರಡಕ್ಕೂ ಒಂದೇ. ಕಪ್ಪಿನ ಪಕ್ಕದಲ್ಲಿ ಅರ್ಧ ಸೆಂಟಿಮೀಟರ್ ಬಿಳಿ ಎದ್ದು ಕಾಣುತ್ತದೆ, ಕಂದಿನ ಪಕ್ಕದಲ್ಲಿ ಅಷ್ಟು ಕಾಣುವುದಿಲ್ಲ. ಹಾಗಾಗಿ ಕಪ್ಪಿನವರು ಎರಡು ಮೂರು ವಾರಕ್ಕೊಮ್ಮೆ ಡಬ್ಬಿ ಒಡೆಯುತ್ತಾರೆ, ಡಾರ್ಕ್ ಬ್ರೌನ್‌ನವರು ಐದು ವಾರ ತಳ್ಳುತ್ತಾರೆ. ಬ್ರೌನ್‌ನ ಕುಂದು ಏನೆಂದರೆ, ತೊಳೆದ ಹಾಗೆಲ್ಲ ಬಣ್ಣ ಸ್ವಲ್ಪ ಕೆಂಪಿನ ಕಡೆ ತಿರುಗುತ್ತದೆ. ಹಚ್ಚುವಾಗ ಅವಸರ ಮಾಡಿದರೆ ಬಿಳಿ ಎಳೆ ಅರ್ಧಂಬರ್ಧ ಬಣ್ಣ ಹಿಡಿದು ತಾಮ್ರದ ತಂತಿಯ ಹಾಗೆ ಹೊಳೆಯುತ್ತದೆ.

ಹಾಳೆಯ ಮೇಲಿಟ್ಟ ಎಳೆ ನಿಜವಾಗಿಯೂ ಇದ್ದಿಲ ಕಪ್ಪಾಗಿದ್ದರೆ ಕಪ್ಪೇ ಸರಿ. ತಲೆಪೂರ್ತಿ ಕಪ್ಪು ಡೈ ಇದ್ದು, ಎರಡು ಮೂರು ವಾರಕ್ಕೊಮ್ಮೆ ಹಚ್ಚಲು ಬೇಸರ ಇಲ್ಲದವರಿಗೂ ಕಪ್ಪೇ ಸುಲಭ. ಉಳಿದವರಿಗೆ ನಾನು 3 ನಂಬರೇ ಹೇಳುವುದು.

## 4. ಎರಡು ದಿನ ಮೊದಲು: ಚರ್ಮದ ಪರೀಕ್ಷೆ, ಎಳೆಯ ಪರೀಕ್ಷೆ

"ಎರಡು ವರ್ಷದಿಂದ ಹಚ್ಚುತ್ತಿದ್ದೇನೆ, ನನಗೆ ಯಾಕೆ ಪರೀಕ್ಷೆ?" ಅಂತ ಗೆಳತಿ ಮುಖ ಗಂಟಿಕ್ಕಿದಳು. ಹತ್ತು ವರ್ಷ ಸುಮ್ಮನಿದ್ದ ಚರ್ಮ ಹನ್ನೊಂದನೇ ವರ್ಷ ತಿರುಗಿಬೀಳಬಹುದು. ಕಾರಣ ಬಹುತೇಕ ಡೈಗಳಲ್ಲಿರುವ ಪಿಪಿಡಿ, ಅಂದರೆ ಪ್ಯಾರಾ-ಫಿನೈಲೀನ್‌ಡೈಅಮೈನ್. ಸಾಮಾನ್ಯವಾಗಿ ಕಪ್ಪಿನಲ್ಲಿ ಜಾಸ್ತಿ, ಬ್ರೌನ್‌ನಲ್ಲಿ ಕಡಿಮೆ. ಆದರೆ ಅಲರ್ಜಿ ಇದ್ದವರಿಗೆ ಕಡಿಮೆಯೂ ಸಾಕು. "ಅಮೋನಿಯಾ ಇಲ್ಲ" ಅಂತ ಬರೆದಿದ್ದರೆ ಪಿಪಿಡಿಯೂ ಇಲ್ಲ ಅಂತ ಅರ್ಥವಲ್ಲ. ಇದನ್ನು ತಪ್ಪು ತಿಳಿದು ಡೈ ಕೊಂಡವರನ್ನು ಬಹಳ ನೋಡಿದ್ದೇನೆ. ಜಾತ್ರೆಯಲ್ಲಿ ಕೈಗೆ ಕಪ್ಪು ಮೆಹಂದಿ ಹಾಕಿಸಿಕೊಂಡು ತುರಿಕೆ ಬಂದಿದ್ದವರು ಈ ಡೈಗಳ ಹತ್ತಿರ ಹೋಗಲೇಬಾರದು. ಮೊದಲು ಚರ್ಮದ ಡಾಕ್ಟರ್.

ಚರ್ಮದ ಪರೀಕ್ಷೆ ಹೀಗೆ. ಡಬ್ಬಿಯೊಳಗಿನ ಚೀಟಿಯಲ್ಲಿ ಹೇಳಿದ ಪ್ರಕಾರ ಸ್ವಲ್ಪವೇ ಡೈ ತೆಗೆದುಕೊಳ್ಳಿ. ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ ಚಿಕ್ಕ ಚುಕ್ಕೆ ಇಡಿ, ಒಣಗಲು ಬಿಡಿ. 48 ಗಂಟೆ ಕಾಯಿರಿ. ಈ ಅಲರ್ಜಿ ತಕ್ಷಣ ಕಾಣುವುದಿಲ್ಲ. ಒಂದು ಎರಡು ದಿನ ಬಿಟ್ಟು ಏಳುತ್ತದೆ. ಅರ್ಧ ಗಂಟೆ ನೋಡಿ "ಏನೂ ಆಗಲಿಲ್ಲ" ಅಂದರೆ ಅದು ಪರೀಕ್ಷೆಯೇ ಅಲ್ಲ. ಕೆಂಪು, ತುರಿಕೆ, ಬಾವು, ಗುಳ್ಳೆ, ಇದರಲ್ಲಿ ಒಂದು ಕಂಡರೂ ತೊಳೆದು ಕೈಬಿಡಿ.

ಎಳೆಯ ಪರೀಕ್ಷೆ ಬಾಚಣಿಗೆಯಲ್ಲಿ ಸಿಕ್ಕ ಕೂದಲಿನ ಮೇಲೆ. ಹದಿನೈದು ಇಪ್ಪತ್ತು ಎಳೆಯನ್ನು ದಾರದಿಂದ ಕಟ್ಟಿ. ಪ್ಲಾಸ್ಟಿಕ್ ಲೋಟದಲ್ಲಿ ಕಲಸಿದ ಒಂದು ಚಮಚ ಡೈನಲ್ಲಿ ಅರ್ಧ ಗಂಟೆ ಮುಳುಗಿಸಿ. ಲೋಟ ಬಿಸಿಯಾದರೆ, ನೊರೆ ಎದ್ದರೆ, ಎಳೆ ಹಸಿರಾದರೆ ಅಥವಾ ರಬ್ಬರಿನಂತೆ ಹಿಗ್ಗಿದರೆ ಹಳೆಯ ಪುಡಿಯಲ್ಲಿ ಲೋಹ ಇತ್ತು ಅಂತ ತಿಳಿಯಿರಿ. ಆ ಕೂದಲಿಗೆ ಕ್ರೀಮ್ ಡೈ ಬೇಡ.

ನಮ್ಮ ಲೋಟ ತಣ್ಣಗೇ ಇತ್ತು. ಗೆಳತಿಯ ಕಿವಿಯ ಹಿಂದೆ ಚುಕ್ಕೆ ಇಟ್ಟು, ಭಾನುವಾರ ಸಂಜೆ ನಾನೇ ಧಾರವಾಡಕ್ಕೆ ಬರುತ್ತೇನೆ ಅಂತ ಹೇಳಿ ಕಳಿಸಿದೆ.

## 5. ಸಾಮಾನು ಜೋಡಿಸಿಕೊಳ್ಳಿ, ನೀರು ತುಂಬಿಸಿಕೊಳ್ಳಿ

ಪ್ಲಾಸ್ಟಿಕ್ ಅಥವಾ ಪಿಂಗಾಣಿ ಬಟ್ಟಲು, ಡೈ ಬ್ರಷ್, ಕೈಗವಸು, ಬಾಲ ಇರುವ ಬಾಚಣಿಗೆ, ನಾಲ್ಕು ಪ್ಲಾಸ್ಟಿಕ್ ಕ್ಲಿಪ್, ವ್ಯಾಸಲೀನ್, ಹಳೆ ಟವೆಲ್, ತಲೆಗೆ ಹಾಕುವ ಪ್ಲಾಸ್ಟಿಕ್ ಟೋಪಿ, ಗಡಿಯಾರ. ಸ್ಟೀಲ್ ಬಟ್ಟಲು, ತಾಮ್ರದ ಚಮಚ ಬೇಡ. ಲೋಹ ತಾಗಿದರೆ ಪೆರಾಕ್ಸೈಡ್ ಕೆಡಬಹುದು.

ನಮ್ಮ ಕಡೆಯ ಮುಖ್ಯ ಸಾಮಾನು ನೀರು. ನಳ ಬಂದ ದಿನ ಅಥವಾ ಮರುದಿನ ಹಚ್ಚಿ. ಬಣ್ಣ ಪೂರ್ತಿ ಬಿಡಬೇಕಾದರೆ ಎರಡು ಮೂರು ಬಕೆಟ್ ಬೇಕಾಗುತ್ತದೆ. ತಲೆಯ ಮೇಲೆ ಡೈ ಇರುವಾಗ ಟ್ಯಾಂಕ್ ಖಾಲಿಯಾದರೆ ಏನು ಮಾಡುತ್ತೀರಿ? ಬೋರಿನ ಗಡಸು ನೀರೇ ಗತಿ ಅನ್ನುವವರು ಕೊನೆಯ ಬಕೆಟ್ ಮಾತ್ರವಾದರೂ ನಳದ ನೀರು ಉಳಿಸಿಕೊಳ್ಳಿ. ಗಡಸು ನೀರಿನ ಸುಣ್ಣ ಕೂದಲಿನ ಮೇಲೆ ಕೂತು ಬಣ್ಣ ಮಂಕಾಗಿ ಕಾಣಿಸುತ್ತದೆ.

ತಲೆಯನ್ನು ಹಿಂದಿನ ದಿನ ಬರೀ ಶಾಂಪೂ ಹಾಕಿ ತೊಳೆದಿರಲಿ. ಡೈ ಹಚ್ಚುವ ದಿನ ಎಣ್ಣೆ ಬೇಡ. ತಲೆಯಲ್ಲಿ ಎಣ್ಣೆ ಇಳಿಯುತ್ತಿದ್ದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಚರ್ಮ ಕೆರೆದಿದ್ದರೆ, ಗಾಯ ಇದ್ದರೆ ವಾಸಿಯಾಗುವವರೆಗೆ ಮುಂದೂಡಿ.

## 6. ಕಲಸುವುದು: ಕಪ್ಪು ಮತ್ತು ಬ್ರೌನ್ ನಡುವಿನ ದಾರಿ

ಗೆಳತಿಗೆ ನಾನು ಹೇಳಿದ್ದು ಇಷ್ಟು. "ಎರಡೂ ಡಬ್ಬಿ ಒಯ್ಯಿ. ಎರಡೂ ಬೇಕು."

ಅವಳ ತುದಿ ಕಪ್ಪು, ಬುಡಕ್ಕೆ ಬೇಕಾದದ್ದು ಬ್ರೌನ್. ಒಂದೇ ಸಲಕ್ಕೆ ಹಾರಿದರೆ ಗೆರೆ ಬೀಳುತ್ತದೆ. ಹಾಗಾಗಿ ಮೂರು ಸಲದಲ್ಲಿ ಇಳಿಯುವುದು. ಭುಜದ ಕೆಳಗಿನ ಅವಳ ಕೂದಲಿಗೆ ಬುಡ ಮಾತ್ರ ಹಚ್ಚಲು 20 ಗ್ರಾಂ ಕ್ರೀಮ್ ಸಾಕು. ಆ ಕಂಪನಿಯ ಅಳತೆ ಸಮ ಸಮ, ಅಂದರೆ ಕ್ರೀಮ್ ಎಷ್ಟೋ ಡೆವಲಪರ್ ಅಷ್ಟೇ. ಕೆಲವು ಕಂಪನಿಯಲ್ಲಿ ಡೆವಲಪರ್ ಒಂದೂವರೆ ಪಾಲು ಇರುತ್ತದೆ. ನಿಮ್ಮ ಚೀಟಿಯಲ್ಲಿ ಏನಿದೆಯೋ ಅದೇ ಲೆಕ್ಕ.

ಮೊದಲ ಸಲ: 10 ಗ್ರಾಂ ಕಪ್ಪು, 10 ಗ್ರಾಂ ಡಾರ್ಕ್ ಬ್ರೌನ್, 20 ಮಿಲಿ ಡೆವಲಪರ್.

ಐದು ವಾರದ ನಂತರ: 5 ಗ್ರಾಂ ಕಪ್ಪು, 15 ಗ್ರಾಂ ಡಾರ್ಕ್ ಬ್ರೌನ್, 20 ಮಿಲಿ ಡೆವಲಪರ್.

ಮತ್ತೆ ಐದು ವಾರಕ್ಕೆ: 20 ಗ್ರಾಂ ಡಾರ್ಕ್ ಬ್ರೌನ್, 20 ಮಿಲಿ ಡೆವಲಪರ್.

ಕಪ್ಪು ಬಲು ಜೋರು. ಅರ್ಧಕ್ಕರ್ಧ ಕಲಸಿದರೂ ನೋಡಲು ಕಪ್ಪಿನ ಹತ್ತಿರವೇ ಇರುತ್ತದೆ, ಇದ್ದಿಲಿನ ಗಡಸು ಮಾತ್ರ ತಗ್ಗುತ್ತದೆ. ಮೊದಲ ಸಲಕ್ಕೆ ನಮಗೆ ಬೇಕಾದದ್ದೂ ಅದೇ. ನಡುನಡುವೆ ತುದಿ ಕತ್ತರಿಸುತ್ತಾ ಹೋದರೆ ಹಳೆ ಕಪ್ಪು ಕೆಳಗಿಂದ ಹೋಗುತ್ತದೆ, ಕಂದು ಮೇಲಿಂದ ಇಳಿಯುತ್ತದೆ. ಮೊದಲ ದಿನವೇ ಐದು ಸೆಂಟಿಮೀಟರ್ ಕತ್ತರಿಸಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಕಪ್ಪು ಡೈ ಹಿಂದೆ ಹಚ್ಚದೇ ಇದ್ದು, ಹಣೆಯ ಮುಂದೆ ಬಿಳಿ ಗುಂಪಾಗಿರುವವರಿಗೂ ಈ ಬೆರಕೆ ಬರುತ್ತದೆ. ಮೂರು ಪಾಲು ಬ್ರೌನ್‌ಗೆ ಒಂದು ಪಾಲು ಕಪ್ಪು ಸೇರಿಸಿದರೆ ಕೆಂಚು ತೇಪೆ ಕಾಣುವುದಿಲ್ಲ.

ಆದರೆ ಎರಡೂ ಒಂದೇ ಕಂಪನಿಯ ಒಂದೇ ಹೆಸರಿನ ಕ್ರೀಮ್ ಆಗಿರಬೇಕು. ಬೇರೆ ಬೇರೆ ಕಂಪನಿಯದ್ದನ್ನು ಕಲಸಬೇಡಿ. ನೀರಿನಲ್ಲಿ ಕಲಸುವ ಪುಡಿಯನ್ನು ಕ್ರೀಮಿಗೆ ಬೆರೆಸಲೇಬೇಡಿ. ಚರ್ಮದ ಪರೀಕ್ಷೆಯಲ್ಲೂ ಎರಡೂ ಬಣ್ಣ ಇರಬೇಕು. ಕಲಸಿದ ತಕ್ಷಣ ಬಣ್ಣ ಕೆಲಸ ಶುರು ಮಾಡುತ್ತದೆ. ಹಾಗಾಗಿ ಕ್ಲಿಪ್ ಹಾಕಿ ಎಲ್ಲಾ ತಯಾರಾದ ಮೇಲೆ ಕಲಸಿ. ಕಲಸಿ ಉಳಿದದ್ದನ್ನು ಮುಚ್ಚಳ ಬಿಗಿದು ಇಟ್ಟರೆ ಒಳಗೆ ಗಾಳಿ ತುಂಬಿ ಡಬ್ಬಿ ಸಿಡಿಯಬಹುದು. ಚೆಲ್ಲಿಬಿಡಿ.

## 7. ಹಚ್ಚುವ ಕ್ರಮ

ಹಣೆಯ ಅಂಚು, ಕಿವಿ, ಕುತ್ತಿಗೆಗೆ ವ್ಯಾಸಲೀನ್ ಸವರಿ. ಕೂದಲಿಗೆ ತಾಗದ ಹಾಗೆ ನೋಡಿಕೊಳ್ಳಿ. ವ್ಯಾಸಲೀನ್ ಬಿದ್ದ ಬಿಳಿ ಎಳೆ ಬಿಳಿಯಾಗಿಯೇ ಉಳಿಯುತ್ತದೆ. ಹಣೆಯಿಂದ ಕುತ್ತಿಗೆಗೆ ಒಂದು ಗೆರೆ, ಕಿವಿಯಿಂದ ಕಿವಿಗೆ ಒಂದು ಗೆರೆ ತೆಗೆದು ಕೂದಲನ್ನು ನಾಲ್ಕು ಪಾಲು ಮಾಡಿ ಕ್ಲಿಪ್ ಹಾಕಿ.

ಮತ್ತೆ ಫ್ಯಾನ್ ಆಫ್ ಮಾಡಿ. ಬೇಸಿಗೆಯಲ್ಲಿ ಕಷ್ಟ, ಗೊತ್ತು. ಆದರೆ ಗಾಳಿಗೆ ಡೈ ಒಣಗಿದರೆ ಅಲ್ಲಿಗೆ ಅದರ ಕೆಲಸ ನಿಂತಿತು. ಬಿಳಿ ಪೂರ್ತಿ ಮುಚ್ಚುವುದಿಲ್ಲ.

ಬಿಳಿ ಎಲ್ಲಿ ಜಾಸ್ತಿಯೋ ಅಲ್ಲಿಂದ ಶುರು. ನಮ್ಮ ಕೇಸಿನಲ್ಲಿ ಕಿವಿಯ ಮುಂದೆ. ಅಲ್ಲಿನ ಬಿಳಿ ಎಳೆ ಒರಟು, ಬಣ್ಣ ನಿಧಾನ ಹಿಡಿಯುತ್ತದೆ, ಅದಕ್ಕೆ ಹೆಚ್ಚು ಸಮಯ ಸಿಗಬೇಕು. ಆಮೇಲೆ ಹಣೆಯ ಅಂಚು, ಬೈತಲೆ, ನಡುನೆತ್ತಿ, ಕೊನೆಗೆ ಹಿಂದೆ. ಬಹಳ ಜನ ಕೈಗೆ ಸುಲಭ ಅಂತ ನೆತ್ತಿಯ ಮೇಲೆ ಸುರಿದು ಎಣ್ಣೆಯ ಹಾಗೆ ತಿಕ್ಕುತ್ತಾರೆ. ಆಗ ಚರ್ಮ ಬಣ್ಣ ಕುಡಿಯುತ್ತದೆ, ಕಿವಿಯ ಮುಂದೆ ಏನೂ ಉಳಿಯುವುದಿಲ್ಲ.

ಬಾಚಣಿಗೆಯ ಬಾಲದಿಂದ ಅರ್ಧ ಬೆರಳಿನಷ್ಟು ತೆಳ್ಳನೆಯ ಸಾಲು ತೆಗೆಯಿರಿ. ಆ ಸಾಲಿನ ಬುಡಕ್ಕೆ ಎರಡೂ ಕಡೆಯಿಂದ ಬ್ರಷ್ ಎಳೆಯಿರಿ. ಎಳೆ ಡೈನಲ್ಲಿ ಮುಳುಗಿದ ಹಾಗೆ ಕಾಣಬೇಕು. ಸಾಲು ದಪ್ಪಗಾದರೆ ಒಳಗಿನ ಬಿಳಿ ಹಾಗೇ ಉಳಿಯುತ್ತದೆ. ಮರುದಿನ ಜಡೆ ಹಾಕುವಾಗ ಅದು ಹೊರಗೆ ಬರುತ್ತದೆ.

ಹಳೆ ಬಣ್ಣ ಶುರುವಾಗುವ ಜಾಗಕ್ಕೆ ನಿಲ್ಲಿಸಿ. ಅರ್ಧ ಸೆಂಟಿಮೀಟರ್ ಮೇಲೆಬಿದ್ದರೆ ಚಿಂತೆ ಇಲ್ಲ.

"ತುದಿಗೂ ಸ್ವಲ್ಪ ಎಳೆದುಬಿಡಲೇ, ಹೊಳಪು ಬರುತ್ತದೆ," ಅಂದಳು.

"ಎರಡು ವರ್ಷ ಎಳೆದಿದ್ದಕ್ಕೇ ನಿನ್ನ ತುದಿ ಕಸಬರಿಗೆ ಆಗಿದೆ."

ಪ್ರತಿ ಸಲ ತುದಿಯ ತನಕ ಹಚ್ಚಿದರೆ ಅಲ್ಲಿ ಬಣ್ಣದ ಮೇಲೆ ಬಣ್ಣ ಕೂರುತ್ತದೆ. ಅದಕ್ಕೇ ಅದು ಅಷ್ಟು ಕಪ್ಪು, ಅಷ್ಟು ಒಣ. ಬುಡಕ್ಕೆ ಮಾತ್ರ ಹಚ್ಚಿದರೆ ಡಬ್ಬಿಯೂ ಎರಡು ಸಲಕ್ಕೆ ಬರುತ್ತದೆ.

ಇಡೀ ಕೆಲಸ 15ರಿಂದ 20 ನಿಮಿಷದಲ್ಲಿ ಮುಗಿಯಬೇಕು. ಹಿಂದಲೆ ಒಬ್ಬರೇ ಹಚ್ಚಿಕೊಳ್ಳುವುದು ಕಷ್ಟ, ಯಾರನ್ನಾದರೂ ಕರೆಯಿರಿ.

## 8. ಕಾಯುವುದು

ಕೊನೆಯ ಬ್ರಷ್ ಎಳೆದ ಮೇಲೆ ಗಡಿಯಾರ ನೋಡಿ. ಬಹಳಷ್ಟು ಕ್ರೀಮ್ ಡೈಗಳಿಗೆ 30ರಿಂದ 35 ನಿಮಿಷ. ಕಪ್ಪು 20 ನಿಮಿಷಕ್ಕೇ ಮುಚ್ಚಿದ ಹಾಗೆ ಕಾಣುತ್ತದೆ, ಆ ಅಭ್ಯಾಸದಲ್ಲಿ ಬ್ರೌನ್ ಅನ್ನೂ ಬೇಗ ತೊಳೆಯುತ್ತಾರೆ. ತಾಮ್ರದ ತಂತಿ ಹುಟ್ಟುವುದು ಅಲ್ಲೇ. ಬಟ್ಟಲಿನಲ್ಲಿ, ತಲೆಯ ಮೇಲೆ ಕಾಣುವ ಬಣ್ಣ ನೋಡಿ ತೀರ್ಮಾನಿಸಬೇಡಿ. ಡೈ ಗಾಳಿಗೆ ಎಷ್ಟು ಕಪ್ಪಗಾದರೂ ಎಳೆಯೊಳಗೆ ಏನಾಗಿದೆ ಎನ್ನುವುದು ಬೇರೆ. ಕಿವಿಯ ಮುಂದಿನ ಒಂದು ಎಳೆಯನ್ನು ಒದ್ದೆ ಹತ್ತಿಯಿಂದ ಒರೆಸಿ ನೋಡಿ. ಇನ್ನೂ ಕೆಂಪಗೆ ಅಥವಾ ಪಾರದರ್ಶಕವಾಗಿ ಕಂಡರೆ ಕಾಯಿರಿ. ಚೀಟಿಯಲ್ಲಿ ಬರೆದ ಗರಿಷ್ಠ ಸಮಯ ಮಾತ್ರ ದಾಟಬೇಡಿ.

ಪ್ಲಾಸ್ಟಿಕ್ ಟೋಪಿಯನ್ನು ಸಡಿಲವಾಗಿ ಹಾಕಿ. ಬಿಸಿಲಿಗೆ ಹೋಗಿ ಕೂರಬೇಡಿ.

ಸ್ವಲ್ಪ ಚುಮುಚುಮು ಅನ್ನಬಹುದು. ಉರಿ ಶುರುವಾದರೆ ಸಮಯ ನೋಡದೆ ತೊಳೆಯಿರಿ. ಕಣ್ಣಿಗೆ ಹೋದರೆ ತಕ್ಷಣ ಧಾರಾಳ ನೀರು ಹಾಕಿ, ಉರಿ ನಿಲ್ಲದಿದ್ದರೆ ಕಣ್ಣಿನ ಡಾಕ್ಟರ್. ಮುಖ, ರೆಪ್ಪೆ ಊದಿದರೆ ಅಥವಾ ಉಸಿರು ಕಟ್ಟಿದರೆ ಮನೆಯಲ್ಲಿ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಎರಡು ಮೂರು ದಿನ ಬಿಟ್ಟು ಕಿವಿ, ಹಣೆ, ಕುತ್ತಿಗೆಯ ಹತ್ತಿರ ತುರಿಸಿ ನೀರು ಒಸರಿದರೂ ಅದು ಡೈಯದೇ ಆಗಿರಬಹುದು. "ಉಷ್ಣ ಆಗಿದೆ" ಅಂತ ಬೆಣ್ಣೆ ಹಚ್ಚಿ ಕೂರಬೇಡಿ. ಡಾಕ್ಟರಿಗೆ ತೋರಿಸಿ, ಡಬ್ಬಿಯನ್ನೂ ಒಯ್ಯಿರಿ.

## 9. ತೊಳೆಯುವುದು

ಒಮ್ಮೆಲೇ ನೀರು ಸುರಿಯಬೇಡಿ. ಎರಡು ಚೊಂಬು ಉಗುರುಬೆಚ್ಚಗಿನ ನೀರು ಹಾಕಿ, ಬೆರಳ ತುದಿಯಿಂದ ಹಣೆಯ ಅಂಚಿನ ಸುತ್ತ ಒಂದು ನಿಮಿಷ ಮೆಲ್ಲಗೆ ತಿರುವಿ. ಡೈ ನೊರೆಯಾಗಿ ಸಡಿಲಾಗುತ್ತದೆ, ಚರ್ಮಕ್ಕೆ ಅಂಟಿದ ಕಲೆಯನ್ನೂ ಎತ್ತಿಕೊಂಡು ಹೋಗುತ್ತದೆ. ಆಮೇಲೆ ನೀರು ತಿಳಿಯಾಗುವ ತನಕ ತೊಳೆಯಿರಿ. ಡಬ್ಬಿಯಲ್ಲಿ ಬಂದ ಕಂಡೀಷನರ್ ಹಚ್ಚಿ ಬಿಡಿ. ಉಳಿದ ಕಲೆಗೆ ಹತ್ತಿಯಲ್ಲಿ ಕೊಬ್ಬರಿ ಎಣ್ಣೆ. ಕಪ್ಪಿನ ಕಲೆ ಮೊಂಡು, ಬ್ರೌನ್‌ನದು ಬೇಗ ಹೋಗುತ್ತದೆ.

ಒದ್ದೆ ತಲೆ ನೋಡಿ ಗಾಬರಿ ಆಗಬೇಡಿ. ಒದ್ದೆ ಇದ್ದಾಗ ಎಲ್ಲಾ ಬಣ್ಣವೂ ಸ್ವಲ್ಪ ಗಾಢವಾಗಿಯೇ ಕಾಣುತ್ತದೆ. ಮರುದಿನ ಬೆಳಿಗ್ಗೆ ಅಂಗಳದ ಬೆಳಕಿನಲ್ಲಿ ನೋಡಿ. ಗೆಳತಿ ಸೋಮವಾರ ಬೆಳಿಗ್ಗೆ ಫೋನ್ ಮಾಡಿದಳು. "ಬುಡ ಕಪ್ಪಗೇ ಇದೆಯಲ್ಲೇ, ಬ್ರೌನ್ ಎಲ್ಲಿ?" ಅಂದಳು. ಬಿಸಿಲಿಗೆ ಹೋಗಿ ನೋಡು ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಹಾಂ, ಇದೆ, ಗೆರೆ ಮಾತ್ರ ಕಾಣಿಸುತ್ತಿಲ್ಲ," ಅಂದಳು.

ಎಡಗಿವಿಯ ಮುಂದೆ ನಾಲ್ಕೈದು ಎಳೆ ಬಿಳಿಯಾಗಿಯೇ ಉಳಿದಿದ್ದವು. ತಪ್ಪು ನನ್ನದೇ, ವ್ಯಾಸಲೀನ್ ತಾಗಿಸಿದ್ದೆ.

## 10. ಮುಂದಿನ ಐದು ವಾರ

ಸುಡುಸುಡು ನೀರು ತಲೆಗೆ ಬೇಡ. ದಿನಾ ಶಾಂಪೂ ಬೇಡ. ಬ್ರೌನ್ ಬೇಗ ಕೆಂಪಾಗುವುದಕ್ಕೆ ಇವೆರಡೂ ಕಾರಣ. ಸ್ಕೂಟಿ ಓಡಿಸುವವರು ತಲೆಗೆ ಬಟ್ಟೆ ಕಟ್ಟಿ ಹೆಲ್ಮೆಟ್ ಹಾಕಿ, ಬಿಸಿಲಿಗೂ ಬಣ್ಣ ಇಳಿಯುತ್ತದೆ. ಮೂರನೇ ವಾರ ಮದುವೆ ಮುಂಜಿ ಬಂತು, ಬೈತಲೆ ಸ್ವಲ್ಪ ಕಾಣುತ್ತದೆ ಅಂದರೆ ಮತ್ತೆ ಡೈ ಒಡೆಯಬೇಡಿ. ಬೈತಲೆಯನ್ನು ಒಂದು ಬೆರಳು ಪಕ್ಕಕ್ಕೆ ತೆಗೆಯಿರಿ, ಅಥವಾ ಬುಡದ ಬಿಳಿ ಮುಚ್ಚುವ, ತೊಳೆದರೆ ಹೋಗುವ ಬಣ್ಣದ ಪುಡಿ ಹಚ್ಚಿಕೊಳ್ಳಿ.

ಉಳಿದ ಟ್ಯೂಬ್ ಮತ್ತು ಡೆವಲಪರ್ ಕಲಸದೇ ಇದ್ದರೆ, ಮುಚ್ಚಳ ಬಿಗಿಯಾಗಿದ್ದರೆ, ಚೀಟಿಯಲ್ಲಿ ಇಡಬಹುದು ಅಂತ ಬರೆದಿದ್ದರೆ ಮುಂದಿನ ಸಲಕ್ಕೆ ಇಡಿ. ಮೇಲೆ ತಾರೀಖು ಬರೆಯಿರಿ. ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿ ಬೀಗ ಹಾಕಿ ಇಡಿ. ಹೊಟ್ಟೆಗೆ ಹೋದರೆ ಗಂಟಲು ಊದಿ ಪ್ರಾಣಕ್ಕೇ ಬರುವ ವಿಷ ಇದು. ಆಕಸ್ಮಾತ್ ಯಾರಾದರೂ ಬಾಯಿಗೆ ಹಾಕಿಕೊಂಡರೆ ಒಂದು ನಿಮಿಷವೂ ಕಾಯದೆ ದೊಡ್ಡ ಆಸ್ಪತ್ರೆಗೆ ಓಡಿ.

ಅವತ್ತು ಬಟ್ಟಲು ತೊಳೆಯುವ ಮೊದಲು ಗೆಳತಿ ಬ್ರಷ್ ಹಿಡಿದು ಕನ್ನಡಿಯ ಮುಂದೆ ನಿಂತಿದ್ದಳು. "ಹುಬ್ಬಿನಲ್ಲಿ ಒಂದು ಬಿಳಿ ಇದೆ, ಉಳಿದದ್ದನ್ನು ಅದಕ್ಕೆ ಮುಟ್ಟಿಸಲಾ?" ಬ್ರಷ್ ಕಿತ್ತುಕೊಂಡೆ. ತಲೆಯ ಡೈ ಹುಬ್ಬಿಗೆ, ರೆಪ್ಪೆಗೆ ಯಾವತ್ತೂ ಬೇಡ, ಕಣ್ಣೇ ಹೋಗಬಹುದು. ಉಗುರು ಕತ್ತರಿಯಿಂದ ಆ ಒಂದು ಎಳೆ ಕತ್ತರಿಸಿ ಕೈಗೆ ಕೊಟ್ಟೆ.